ಕೊರಿಯನ್ ಬರವಣಿಗೆಯಲ್ಲಿ ತೆರವೂ ಪ್ರತ್ಯಯವೂ

ಕೊರಿಯಾದ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಹಳೆಯ ವಾಕ್ಯವೊಂದಿದೆ. ಅದನ್ನು ನಮ್ಮ ಲಿಪಿಯಲ್ಲಿ ಆದಷ್ಟು ಹತ್ತಿರವಾಗಿ ಬರೆದರೆ ಹೀಗಾಗುತ್ತದೆ: ‘ಅಬೊಜಿಗಬಙ್‌ಎದುರೊಗಶಿಂದ’. ಎಲ್ಲಿಯೂ ತೆರವಿಲ್ಲ. ಈಗ ಇದನ್ನು ಬಿಡಿಸೋಣ. ‘ಅಬೊಜಿಗ ಬಙ್‌ಎ ದುರೊಗಶಿಂದ’ ಎಂದು ಬಿಡಿಸಿದರೆ, ಅಪ್ಪ ಕೋಣೆಯೊಳಕ್ಕೆ ಹೋಗುತ್ತಾರೆ ಎಂದರ್ಥ. ‘ಅಬೊಜಿ ಗಬಙ್‌ಎ ದುರೊಗಶಿಂದ’ ಎಂದು ಬಿಡಿಸಿದರೆ, ಅಪ್ಪ ಚೀಲದೊಳಕ್ಕೆ ಹೋಗುತ್ತಾರೆ! ‘ಬಙ್’ ಎಂದರೆ ಕೋಣೆ, ‘ಗಬಙ್’ ಎಂದರೆ ಚೀಲ. ನಡುವೆ ಇರುವ ‘ಗ’ ಎಂಬ ಒಂದಕ್ಷರ ಮೊದಲ ಓದಿನಲ್ಲಿ ಪ್ರಥಮಾ ವಿಭಕ್ತಿಯ ಪ್ರತ್ಯಯ. ಎರಡನೆಯದರಲ್ಲಿ ಚೀಲದ ಮೊದಲ ಅಕ್ಷರ. ಮೇಲುನೋಟಕ್ಕೆ ಇದು ತೆರವಿನ ಪ್ರಶ್ನೆ. ಒಳಹೊಕ್ಕು ನೋಡಿದರೆ, ಪ್ರತ್ಯಯ ಯಾವುದು, ಪದ ಯಾವುದು ಎಂಬ ಪ್ರಶ್ನೆ.

ಇದು ನಮಗೆ ಹೊಸದೇನಲ್ಲ. ‘ಅವನು ಮನೆಗೆದ್ದ’ ಎಂದು ಯಾರಾದರೂ ಬರೆದರೆ, ಅವನು ಮನೆಯನ್ನು ಗೆದ್ದನೋ, ಮನೆಗೆ ಹೊರಡಲು ಎದ್ದನೋ? ‘ಗೆ’ ಎಂಬುದನ್ನು ಚತುರ್ಥಿಯ ಪ್ರತ್ಯಯವೆಂದು ಹಿಂದಕ್ಕೆ ಸೇರಿಸಿದರೆ ಒಂದರ್ಥ, ಧಾತುವಿನ ಭಾಗವೆಂದು ಮುಂದಕ್ಕೆ ಬಿಟ್ಟರೆ ಮತ್ತೊಂದರ್ಥ. ಮಹಾಕೂಟದಲ್ಲಿದ್ದು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 602ರ ಸುಮಾರಿನ ಮಂಗಲೇಶನ ಸ್ತಂಭಶಾಸನದಲ್ಲಿಯೂ ಪದಪದಗಳ ನಡುವೆ ತೆರವಿಲ್ಲ. ಓದುವವನೇ ಪದಚ್ಛೇದ ಮಾಡಿಕೊಳ್ಳಬೇಕು. 1446ರಲ್ಲಿ ಸೇಜೋಙ್ ದೊರೆ ಕೊರಿಯಾದ ಜನಕ್ಕೆ ಹೊಸ ಅಕ್ಷರಮಾಲೆಯನ್ನು ಸಾರಿದಾಗಲೂ ಬರಹ ಹೀಗೆಯೇ ಹೊಳೆಯಂತೆ ಹರಿಯುತ್ತಿತ್ತು. ತೆರವು ಅಲ್ಲಿಗೆ ಬಂದದ್ದು ಬಹಳ ತಡವಾಗಿ. ಜಾನ್ ರಾಸ್ ಎಂಬ ಪಾದ್ರಿ 1877ರಲ್ಲಿ ಅಚ್ಚು ಹಾಕಿಸಿದ ಕೊರಿಯನ್ ಬಾಲಬೋಧೆಯಲ್ಲಿ ಅದು ಕಾಣಿಸಿಕೊಂಡಿತು. 1896ರಲ್ಲಿ ಹೊರಟ ‘ಸ್ವಾತಂತ್ರ್ಯ’ ಎಂಬ ಹೆಸರಿನ ವೃತ್ತಪತ್ರಿಕೆ ಅದನ್ನು ಸಾಮಾನ್ಯ ಓದುಗರವರೆಗೆ ಒಯ್ದಿತು. 1933ರ ಕಾಗುಣಿತದ ನಿಯಮಾವಳಿಯಲ್ಲಿ ಅದಕ್ಕೆ ಕಟ್ಟುಪಾಡು ದೊರೆಯಿತು. 1988ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳ ಸಾರ ಇಷ್ಟು: ಪದಪದವನ್ನೂ ಬಿಡಿಸಿ ಬರೆಯಬೇಕು, ಪ್ರತ್ಯಯವನ್ನು ಮಾತ್ರ ಅದರ ಹಿಂದಿನ ಪದಕ್ಕೆ ಅಂಟಿಸಬೇಕು.

ಇಷ್ಟು ಸರಳವಾದ ನಿಯಮದಲ್ಲಿ ಹೊಸಬರು ಎಡವುವುದೆಲ್ಲಿ? ಇದನ್ನು ಒಂದು ಉದಾಹರಣೆಯಿಂದಲೇ ನೋಡುವುದು ಲೇಸು. ಬಾದಾಮಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೊರಿಯನ್ ಹಾಡುಗಳ ಮೋಹದಿಂದ ಆ ಭಾಷೆಗೆ ಕೈಹಾಕಿದವಳು. ಮಹಾಕೂಟಕ್ಕೆ ಹೋಗಿಬಂದುದನ್ನು ಕುರಿತು ತಾನು ಬರೆದ ನಾಲ್ಕು ವಾಕ್ಯಗಳನ್ನು ನನಗೆ ತೋರಿಸಿದಳು. ಕನ್ನಡದಲ್ಲಿ ಅವುಗಳ ತಾತ್ಪರ್ಯ: ನಾನು ಅಪ್ಪನೊಡನೆ ಮಹಾಕೂಟಕ್ಕೆ ಹೋದೆ. ಅಲ್ಲಿ ಹೊಂಡವಿದೆ. ಹೊಂಡದಲ್ಲಿ ಸ್ನಾನ ಮಾಡಿದೆ. ಮನೆಗೆ ಬರುವಾಗ ನನಗೆ ಹಸಿವಾಗಿತ್ತು.

ಮೊದಲ ವಾಕ್ಯವನ್ನು ಅವಳು ಬರೆದದ್ದು ಹೀಗೆ: ‘ಜೊ ನುನ್ ಅಬೊಜಿ ವ ಮಹಾಕೂಟ ಎ ಗಸ್ಸೊಯೋ’. ಪ್ರತ್ಯಯಗಳು ಮೂರೂ ಸರಿಯೇ. ಆದರೆ ಅವು ತಮ್ಮ ಪದಗಳಿಂದ ಕಳಚಿ ಒಂಟಿಯಾಗಿ ನಿಂತಿವೆ. ‘ಜೊನುನ್ ಅಬೊಜಿವ ಮಹಾಕೂಟಎ’ ಎಂದು ಕೂಡಬೇಕಾಗಿತ್ತು. ಈ ತಪ್ಪು ಕನ್ನಡದಿಂದ ಬಂದುದಲ್ಲ. ‘ಮಹಾಕೂಟ ಕ್ಕೆ’ ಎಂದು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಅವಳು ಕಲಿತ ಪುಸ್ತಕ ಇಂಗ್ಲಿಷಿನದು. ಅದರಲ್ಲಿ ‘ಎ’ ಎಂಬುದಕ್ಕೆ ಎದುರಾಗಿ ಇಂಗ್ಲಿಷಿನ ಬಿಡಿಪದವೊಂದನ್ನು ಕೊಟ್ಟಿದೆ. ಅದನ್ನು ಓದಿದ ಕಣ್ಣು ಕೊರಿಯನ್ನಿನಲ್ಲಿಯೂ ಅದನ್ನು ಬಿಡಿಯಾಗಿಯೇ ಕಾಣುತ್ತದೆ. ಕೊರಿಯಾದ ಶಾಲಾ ವ್ಯಾಕರಣವೂ ಪ್ರತ್ಯಯವನ್ನು ಒಂದು ಬಗೆಯ ಪದವೆಂದೇ ಎಣಿಸುವುದರಿಂದ ಗೊಂದಲ ಇನ್ನಷ್ಟಾಗುತ್ತದೆ. ಕನ್ನಡಿಗರಿಗೆ ಇಲ್ಲಿರುವ ಮದ್ದು ಸುಲಭ: ಆ ಪ್ರತ್ಯಯಕ್ಕೆ ಎದುರಾಗಿ ಕನ್ನಡದ ವಿಭಕ್ತಿಯನ್ನು ಬರೆದುಕೊಂಡರೆ ಕೈ ತಾನಾಗಿ ಕೂಡಿಸುತ್ತದೆ.

ಎರಡನೆಯ ವಾಕ್ಯದಲ್ಲಿ ಅವಳು ಪ್ರತ್ಯಯವನ್ನು ಕೂಡಿಸಿಯೇ ಬರೆದಿದ್ದಳು: ‘ಯೊನ್‌ಮೋಸ್‌ಗ ಇಸ್ಸೊಯೋ’. ‘ಯೊನ್‌ಮೋಸ್’ ಎಂದರೆ ಹೊಂಡ. ಆದರೆ ಪ್ರಥಮೆಯ ಪ್ರತ್ಯಯಕ್ಕೆ ಕೊರಿಯನ್ನಿನಲ್ಲಿ ಎರಡು ರೂಪಗಳಿವೆ. ಸ್ವರದಲ್ಲಿ ಮುಗಿಯುವ ಪದಕ್ಕೆ ‘ಗ’, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ‘ಇ’. ಮನೆಗೆ, ಊರಿಗೆ, ಮರಕ್ಕೆ ಎಂದು ಪದದ ಕೊನೆಯನ್ನು ನೋಡಿ ಪ್ರತ್ಯಯದ ರೂಪವನ್ನು ಮಾರ್ಪಡಿಸುವ ನಮಗೆ ಇದೂ ಪರಿಚಿತವೇ. ‘ಯೊನ್‌ಮೋಸ್’ ವ್ಯಂಜನಾಂತವಾದುದರಿಂದ ‘ಯೊನ್‌ಮೋಸ್‌ಇ’ ಎಂದಾಗಬೇಕು. ಇಲ್ಲಿ ವಿಚಿತ್ರವೆಂದರೆ, ‘ಯೊನ್‌ಮೋಸ್‌ಗ’ ಎಂಬುದೂ ಕೊರಿಯನ್ನಿನಲ್ಲಿ ಒಂದು ಸಾಧುವಾದ ಪದ. ‘ಗ’ ಎಂಬ ನಾಮಪದಕ್ಕೆ ಅಂಚು ಎಂಬ ಅರ್ಥವಿದ್ದು, ಆ ಸಮಾಸಕ್ಕೆ ‘ಹೊಂಡದ ದಂಡೆ’ ಎಂದರ್ಥ. ಅವಳ ವಾಕ್ಯವನ್ನು ಕೊರಿಯಾದವರು ಓದಿದರೆ ‘ದಂಡೆ ಇದೆ’ ಎಂದು ತಿಳಿದಾರೆಯೇ ಹೊರತು, ಹೊಂಡವಿದೆಯೆಂದಲ್ಲ. ಅಪ್ಪನನ್ನು ಚೀಲಕ್ಕೆ ಕಳುಹಿಸಿದ ಅದೇ ‘ಗ’, ಇಲ್ಲಿ ನೀರನ್ನು ಬಿಟ್ಟು ದಂಡೆಯನ್ನು ಹಿಡಿಯಿತು.

ಮೂರನೆಯ ವಾಕ್ಯ, ‘ಯೊನ್‌ಮೋಸ್‌ಎ ಮೋಗ್ಯೋಕ್‌ಹೆಸ್ಸೊಯೋ’. ಈ ತಪ್ಪು ಅಚ್ಚಕನ್ನಡದ್ದು. ನಮ್ಮ ಸಪ್ತಮಿ ಬಹಳ ಉದಾರಿ: ‘ಹೊಂಡದಲ್ಲಿ ನೀರಿದೆ’ ಎಂಬಲ್ಲಿಯೂ ‘ಹೊಂಡದಲ್ಲಿ ಮಿಂದೆ’ ಎಂಬಲ್ಲಿಯೂ ಅದೇ ‘ಅಲ್ಲಿ’. ಕೊರಿಯನ್ ಇವೆರಡನ್ನು ಬೇರ್ಪಡಿಸುತ್ತದೆ. ವಸ್ತುವೊಂದು ಇರುವ ಎಡೆಗೆ, ಮತ್ತು ಹೋಗಿ ಸೇರುವ ಎಡೆಗೆ, ‘ಎ’. ಕೆಲಸವೊಂದು ನಡೆಯುವ ಎಡೆಗೆ ‘ಎಸೊ’. ಮೀಯುವುದು ಕೆಲಸವಾದ್ದರಿಂದ ‘ಯೊನ್‌ಮೋಸ್‌ಎಸೊ’ ಎಂದೇ ಆಗಬೇಕು. ಹೊರಟುಬಂದ ಎಡೆಯನ್ನು ಹೇಳುವಾಗ, ನಮ್ಮ ‘ಇಂದ’ದ ಅರ್ಥದಲ್ಲಿಯೂ ಇದೇ ‘ಎಸೊ’ ಬರುತ್ತದೆ. ಆದುದರಿಂದ ‘ಅಲ್ಲಿ’ ಎಂಬುದನ್ನು ಕಂಡೊಡನೆ ಕಲಿಯುವವನು ಕ್ರಿಯಾಪದದ ಕಡೆಗೆ ನೋಡಬೇಕು: ಅದು ಇರುವಿಕೆಯನ್ನು ಹೇಳುತ್ತದೆಯೇ, ಮಾಡುವಿಕೆಯನ್ನೇ? ಈ ಗೆರೆ ಎಲ್ಲೆಡೆಯೂ ಅಷ್ಟು ಖಚಿತವಲ್ಲ. ‘ವಾಸಿಸು’ ಎಂಬ ಕ್ರಿಯೆ ಇರುವಿಕೆಯೂ ಹೌದು, ಮಾಡುವಿಕೆಯೂ ಹೌದು. ಅದಕ್ಕೆ ಎರಡು ಪ್ರತ್ಯಯಗಳೂ ಸಲ್ಲುತ್ತವೆ.

ನಾಲ್ಕನೆಯ ವಾಕ್ಯದಲ್ಲಿ ಎರಡೂ ಬಗೆಯ ತಪ್ಪುಗಳು ಒಟ್ಟಿಗೆ ಬಂದಿವೆ: ‘ಜಿಬ್‌ಎ ಓಲ್‌ತ್ತೆ ಜೊಎಗೆ ಬೆಗೋಫಸ್ಸೊಯೋ’. ‘ಜೊಎಗೆ’ ಎಂದರೆ ನನಗೆ. ಅದರ ‘ಎಗೆ’ ನಮ್ಮ ‘ಗೆ’ಯ ನಂಟನಂತೆ ಕೇಳಿಸುವುದರಿಂದ ಕನ್ನಡಿಗರು ಅದನ್ನು ಕಂಡಲ್ಲೆಲ್ಲ ಅಪ್ಪಿಕೊಳ್ಳುತ್ತಾರೆ. ಕೊಡುವಲ್ಲಿ, ಹೇಳುವಲ್ಲಿ ಅದು ಸರಿ. ಆದರೆ ನನಗೆ ಹಸಿವು, ನನಗೆ ಚಳಿ ಎಂದು ಅನುಭವಿಸುವವನನ್ನು ಚತುರ್ಥಿಯಲ್ಲಿಡುವುದು ನಮ್ಮ ಪದ್ಧತಿ; ಅವರದಲ್ಲ. ಅವರು ‘ಜೊನುನ್ ಬೆಗ ಗೋಫಸ್ಸೊಯೋ’ ಎನ್ನುತ್ತಾರೆ. ನಾನಾದರೋ, ಹೊಟ್ಟೆ ಹಸಿದಿತ್ತು ಎಂಬ ಧಾಟಿ. ‘ಬೆ’ ಎಂದರೆ ಹೊಟ್ಟೆ. ಪ್ರಥಮೆಯ ‘ಗ’ ಸಲ್ಲುವುದು ಹೊಟ್ಟೆಗೆ. ನನ್ನನ್ನು ಮಾತಿನ ವಿಷಯವಾಗಿ ಮುಂದಿಡುವುದು ‘ನುನ್’ ಎಂಬ ಬೇರೊಂದು ಪ್ರತ್ಯಯ.

ಉಳಿದದ್ದು ‘ಓಲ್‌ತ್ತೆ’. ಇದನ್ನು ‘ಓಲ್ ತ್ತೆ’ ಎಂದು ಬಿಡಿಸಬೇಕು ಎಂದಾಗ ಆ ಹುಡುಗಿ, “ಸರ್, ‘ಬರುವಾಗ’ ಅನ್ನೋದನ್ನ ನಾವು ಕೂಡಿಸೇ ಬರೀತೀವಲ್ರೀ?” ಎಂದು ಕೇಳಿದಳು. ಪ್ರಶ್ನೆ ಸರಿಯಾದುದೇ. ನಮ್ಮ ‘ಬರುವ’ ಮತ್ತು ‘ಆಗ’ ಸಂಧಿಯಿಂದ ಬೆಸೆದು ಒಂದಾಗುತ್ತವೆ. ಕೊರಿಯನ್ನಿನ ‘ತ್ತೆ’ ಮಾತ್ರ ಸಮಯ ಎಂಬ ಅರ್ಥದ ನಾಮಪದವಾಗಿಯೇ ಉಳಿದಿದೆ. ‘ಓಲ್’ ಎಂಬುದು ನಮ್ಮ ‘ಬರುವ’ ಎಂಬಂಥ ಕೃದಂತ ವಿಶೇಷಣ. ವಿಶೇಷಣಕ್ಕೂ ನಾಮಪದಕ್ಕೂ ನಡುವೆ ತೆರವು ಬೇಕು. ತಾನೊಂದೇ ನಿಲ್ಲಲಾರದೆ ವಿಶೇಷಣವನ್ನು ಆಶ್ರಯಿಸಿಯೇ ಬಾಳುವ ನಾಮಪದಗಳೂ ಕೊರಿಯನ್ನಿನಲ್ಲಿ ಹಲವಿವೆ. ಅವು ಪ್ರತ್ಯಯದಂತೆ ಕಾಣುತ್ತವೆ, ಆದರೆ ಪ್ರತ್ಯಯಗಳಲ್ಲ. ಕನ್ನಡದ ಅಭ್ಯಾಸ ನಮ್ಮನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಇಲ್ಲಿಯೇ.

ಗುರುತಿಸುವ ಬಗೆ ಹೇಗೆ? ಅದರ ಹಿಂದೆ ಏನಿದೆ ಎಂಬುದನ್ನು ನೋಡಬೇಕು. ‘ಮನ್‌ಖುಮ್’ ಎಂಬುದನ್ನು ತೆಗೆದುಕೊಳ್ಳೋಣ. ಅದು ನಮ್ಮ ‘ಅಷ್ಟು’. ಆಕಾಶದಷ್ಟು ಎನ್ನುವಾಗ ‘ಹನುಲ್‌ಮನ್‌ಖುಮ್’ ಎಂದು ಕೂಡಿಸುತ್ತಾರೆ. ಹಿಂದಿರುವುದು ಆಕಾಶವೆಂಬ ನಾಮಪದ, ಆದ್ದರಿಂದ ಇದು ಪ್ರತ್ಯಯ. ತಿನ್ನುವಷ್ಟು ಎನ್ನುವಾಗ ‘ಮೊಗುಲ್ ಮನ್‌ಖುಮ್’ ಎಂದು ಬಿಡಿಸುತ್ತಾರೆ. ಹಿಂದಿರುವುದು ‘ತಿನ್ನುವ’ ಎಂಬ ವಿಶೇಷಣ, ಆದ್ದರಿಂದ ಇದು ನಾಮಪದ. ನಾವು ಎರಡನ್ನೂ ಕೂಡಿಸಿಯೇ ಬರೆಯುತ್ತೇವೆ. ಒಂದೇ ಶಬ್ದ, ಎರಡು ಜಾತಿ. ಜಾತಿಯನ್ನು ಸಾರುವುದು ತೆರವು. ಈ ಒರೆಗಲ್ಲಿಗೂ ಎಲ್ಲೆಯುಂಟು. ‘ಗಲ್ ಸು’ ಎಂದರೆ ಹೋಗುವ ಸಾಧ್ಯತೆ, ಬಿಡಿಸಿ ಬರೆಯಬೇಕು. ‘ಗಲ್‌ಸುರೋಕ್’ ಎಂದರೆ ಹೋದಹೋದಂತೆಲ್ಲ, ಕೂಡಿಸಬೇಕು; ಅಲ್ಲಿ ‘ಸು’ ನಾಮಪದವಲ್ಲ, ಉದ್ದನೆಯ ಕ್ರಿಯಾಪ್ರತ್ಯಯವೊಂದರ ನಡುಭಾಗ. ಮುಂದೆ ‘ಗ’ ಅಥವಾ ‘ನುನ್’ ಹಚ್ಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಮೊದಲನೆಯ ‘ಸು’ವಿಗೆ ಅವು ಹತ್ತುತ್ತವೆ, ಎರಡನೆಯದಕ್ಕೆ ಹತ್ತುವುದಿಲ್ಲ.

ಕೊರಿಯನ್ನರು ಪ್ರಬಂಧ ಬರೆಯಲು ಚೌಕದ ಮನೆಗಳಿರುವ ಹಾಳೆಯನ್ನು ಬಳಸುತ್ತಾರೆ. ಅದರಲ್ಲಿ ಒಂದಕ್ಷರಕ್ಕೆ ಒಂದು ಮನೆ. ತೆರವಿಗೂ ಒಂದು ಮನೆ. ಹೊಸಬರಿಗೆ ಈ ಹಾಳೆ ಒಳ್ಳೆಯ ಗುರು. ಪ್ರತಿ ಖಾಲಿ ಮನೆಯನ್ನೂ ಬೇಕೆಂದೇ ಬಿಡಬೇಕಾಗುವುದರಿಂದ, ಏಕೆ ಬಿಟ್ಟೆನೆಂದು ಕೈ ಒಂದು ಕ್ಷಣ ತಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸಾಲಿನ ಕೊನೆಯ ಮನೆಯಲ್ಲಿ ಪದ ಮುಗಿದರೆ, ತೆರವನ್ನು ಮುಂದಿನ ಸಾಲಿನ ಮೊದಲ ಮನೆಗೆ ಒಯ್ಯಬಾರದು. ಅಲ್ಲಿ ಖಾಲಿ ಮನೆಯಿದ್ದರೆ ಅದು ಹೊಸ ಕಂಡಿಕೆಯ ಗುರುತು.

ಈ ಎರಡು ಬಗೆಯ ತಪ್ಪುಗಳು ಸಮಾನವಲ್ಲ ಎಂಬುದನ್ನೂ ಹೇಳಬೇಕು. ‘ಓಲ್ ತ್ತೆ’ಯನ್ನು ಕೂಡಿಸಿ ಬರೆಯುವವರು ಕೊರಿಯನ್ನರಲ್ಲಿಯೂ ಉಂಟು. ಕೆಲವು ಸಹಾಯಕ ಕ್ರಿಯಾಪದಗಳನ್ನು ಬಿಡಿಸಿಯೂ ಕೂಡಿಸಿಯೂ ಬರೆಯಲು ಅವರ ನಿಯಮವೇ ಅವಕಾಶ ಕೊಟ್ಟಿದೆ. ಆದರೆ ‘ಯೊನ್‌ಮೋಸ್‌ಗ’ ಎಂದು ಪ್ರಥಮೆಯನ್ನು ತಪ್ಪಿಸುವ ಕೊರಿಯನ್ನನಿಲ್ಲ. ಅದು ಕಿವಿಯಿಂದಲೇ ಬಂದ ಕಟ್ಟಳೆ. ಆದಕಾರಣ ತಿದ್ದುವವರು ಕೆಂಪು ಶಾಯಿಯನ್ನು ಮೊದಲು ಪ್ರತ್ಯಯಕ್ಕೆ ಮೀಸಲಿಡುವುದು ಯುಕ್ತ. ನಾವು ಕೂಡಿ ತಿದ್ದಿದ ಆ ನಾಲ್ಕು ವಾಕ್ಯಗಳು ಕೊನೆಗೆ ಹೀಗೆ ನಿಂತವು: ‘ಜೊನುನ್ ಅಬೊಜಿವ ಮಹಾಕೂಟಎ ಗಸ್ಸೊಯೋ. ಮಹಾಕೂಟಎ ಯೊನ್‌ಮೋಸ್‌ಇ ಇಸ್ಸೊಯೋ. ಯೊನ್‌ಮೋಸ್‌ಎಸೊ ಮೋಗ್ಯೋಕ್‌ಹೆಸ್ಸೊಯೋ. ಜಿಬ್‌ಎ ಓಲ್ ತ್ತೆ ಬೆಗ ಗೋಫಸ್ಸೊಯೋ.’ ಕೊನೆಯ ವಾಕ್ಯದಲ್ಲಿ ‘ನಾನು’ ಎಂಬುದನ್ನು ಬಿಟ್ಟೆವು. ಹಸಿದವರು ಯಾರೆಂದು ಮೊದಲ ವಾಕ್ಯವೇ ಹೇಳಿದ ಮೇಲೆ, ಕನ್ನಡದಂತೆ ಕೊರಿಯನ್ನಿನಲ್ಲಿಯೂ ಅದನ್ನು ಮತ್ತೆ ಹೇಳಬೇಕಾಗಿಲ್ಲ.