ಮಂಜನ್ನು ಕರೆಯೋದಾ, ಮಂಜುವನ್ನು ಕರೆಯೋದಾ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಕಾರ್ಯಕ್ರಮದ ನಿರೂಪಣೆಗೆ ಅಂತ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ವಿ. ಹೆಸರು ಕೊಟ್ಟರೆ ಅದಕ್ಕೆ 'ಅನ್ನು' ಸೇರಿಸಿ, "ವೇದಿಕೆಗೆ ಕರೆಯುತ್ತೇವೆ" ಅನ್ನೋ ಸಾಲು ಕೊಡಬೇಕಿತ್ತು. ಮೊದಲ ಸಲ ರನ್ ಮಾಡಿದಾಗ ಬಂದದ್ದು 'ರವಿಅನ್ನು', 'ಮಧುಅನ್ನು'. ಓದಿ ನೋಡಿ, ನಾಲಿಗೆ ತಡವರಿಸುತ್ತೆ.

ಹೈಸ್ಕೂಲಿನಲ್ಲಿ ಓದಿದ ಆಗಮ ಸಂಧಿ ಬೇಕಾಗೋದು ಇಲ್ಲೇ. ಎರಡು ಸ್ವರಗಳು ಎದುರಾದಾಗ ಮಧ್ಯೆ ಯ ಅಥವಾ ವ ಹೊಸದಾಗಿ ಬಂದು ಸೇರುತ್ತೆ. ರವಿ + ಅನ್ನು = ರವಿಯನ್ನು. ಮಧು + ಅನ್ನು = ಮಧುವನ್ನು.

ಯಾವಾಗ ಯ, ಯಾವಾಗ ವ? ಬಾಯನ್ನೇ ಕೇಳಿ. ಇ, ಎ ಹೇಳುವಾಗ ನಾಲಿಗೆ ಮುಂದಕ್ಕೆ ಬಂದು ಅಂಗುಳಿನ ಕಡೆ ಏಳುತ್ತೆ. ಅಲ್ಲಿಂದ ಅ-ಗೆ ಜಾರುವಾಗ ಯ ತಾನಾಗಿಯೇ ಹುಟ್ಟುತ್ತೆ: ಕೆರೆ + ಅಲ್ಲಿ = ಕೆರೆಯಲ್ಲಿ. ಉ, ಓ ಹೇಳುವಾಗ ತುಟಿ ದುಂಡಾಗುತ್ತೆ, ಆ ತುಟಿ ಬಿಚ್ಚುವಾಗ ವ ಬರುತ್ತೆ: ಗೋ + ಅನ್ನು = ಗೋವನ್ನು. ತೀರ್ಮಾನ ಮಾಡೋದು ಮೊದಲ ಪದದ ಕೊನೆಯ ಸ್ವರ, ಎರಡನೆಯದರ ಮೊದಲ ಸ್ವರ ಅಲ್ಲ. ಅದಕ್ಕೇ ಗುರು + ಇಂದ ಅಂದಾಗ ಮುಂದೆ ಇ ಇದ್ದರೂ 'ಗುರುವಿಂದ' ಆಗುತ್ತೆ, 'ಗುರುಯಿಂದ' ಆಗಲ್ಲ.

ಇದನ್ನು ಸಂಸ್ಕೃತದ ಯಣ್ ಸಂಧಿ ಜೊತೆ ಬೆರೆಸಿಕೊಳ್ಳಬಾರದು. ಮನು + ಅಂತರ = ಮನ್ವಂತರ; ಇಲ್ಲಿ ಉ ಹೋಗಿ ಅದರ ಜಾಗಕ್ಕೆ ವ ಬಂತು. ಮನು + ಅನ್ನು = ಮನುವನ್ನು; ಇಲ್ಲಿ ಉ ಹಾಗೇ ಇದೆ, ವ ಮಧ್ಯೆ ಬಂದು ಕೂತಿದೆ. ಮೊದಲನೆಯದು ಆದೇಶ, ಎರಡನೆಯದು ಆಗಮ.

ಇಷ್ಟನ್ನು ಪ್ರೋಗ್ರಾಂಗೆ ಹಾಕಿದ್ವಿ, ಹೆಸರುಗಳೆಲ್ಲ ಸರಿಯಾದವು. ಅದೇ ಖುಷಿಯಲ್ಲಿ ಕಾರ್ಯಕ್ರಮದ ಪಟ್ಟಿಯನ್ನೂ ಕೊಟ್ಟಾಗ ತೆರೆ ಮೇಲೆ ಬಂದದ್ದು "ಈಗ ಒಂದು ಹಾಡುವನ್ನು ಕೇಳೋಣ"! 'ಮಧು'ವೂ 'ಹಾಡು'ವೂ ಉಕಾರದಲ್ಲೇ ಮುಗಿದರೂ ಎರಡೂ ಉ ಒಂದೇ ಅಲ್ಲ. 'ಹಾಡು', 'ಊರು', 'ಕಲ್ಲು' ಇವುಗಳ ಕೊನೆಯ ಉ ಬರೀ ಉಚ್ಚಾರಣೆಯ ಆಸರೆಗೆ ಇರೋದು. ಹಳಗನ್ನಡದಲ್ಲಿ 'ಊರ್', 'ಕಲ್' ಅಂತಲೇ ಇದ್ದವು. ಇವತ್ತಿಗೂ ನಾವು 'ಬಸ್'ಅನ್ನು 'ಬಸ್ಸು', 'ಕಾರ್'ಅನ್ನು 'ಕಾರು' ಮಾಡ್ಕೊಳ್ತೀವಲ್ಲ, ಅದೇ ಉ ಇದು. ಮುಂದೆ ಇನ್ನೊಂದು ಸ್ವರ ಬಂದರೆ ಆಸರೆ ಬೇಕಾಗಲ್ಲ, ಉ ಬಿದ್ದುಹೋಗುತ್ತೆ: ಹಾಡನ್ನು, ಊರನ್ನು, ಬಸ್ಸನ್ನು. ಇದು ಲೋಪ ಸಂಧಿ. ಉ ಬಿದ್ದ ಮೇಲೆ ಎರಡು ಸ್ವರಗಳೇ ಎದುರಾಗಲ್ಲ, ಹಾಗಾಗಿ ವ-ಗೆ ಕೆಲಸವೂ ಇಲ್ಲ.

ಯಾವ ಉ ಉಳಿಯುತ್ತೆ ಅಂತ ಗುರುತಿಸೋದು ಹೇಗೆ? ನಾಮಪದಗಳಲ್ಲಿ ಎರಡು ಗುರುತುಗಳಿವೆ. ಒಂದು, ಎರಡೇ ಅಕ್ಷರ, ಎರಡೂ ಹ್ರಸ್ವ, ನಡುವೆ ಒತ್ತಕ್ಷರ ಇಲ್ಲ: ಮಗುವನ್ನು, ನಗುವನ್ನು, ಕರುವನ್ನು. ಎರಡು, ಸಂಸ್ಕೃತದಿಂದ ಉಕಾರದೊಂದಿಗೇ ಬಂದವು: ವಸ್ತುವನ್ನು, ಬಂಧುವನ್ನು. ಉಳಿದವುಗಳಲ್ಲಿ ಸಾಮಾನ್ಯವಾಗಿ ಉ ಬೀಳುತ್ತೆ. 'ಅದು', 'ಇದು' ಅನ್ನೋ ಸರ್ವನಾಮಗಳು ಈ ಲೆಕ್ಕಕ್ಕೆ ಸಿಗಲ್ಲ, ಅವು 'ಅದನ್ನು', 'ಇದನ್ನು' ಆಗುತ್ತವೆ. ಕ್ರಿಯಾಪದಗಳೂ ಅಷ್ಟೇ: ಕೊಡು + ಅಲು = ಕೊಡಲು.

ಕೊನೆಗೆ ನಮ್ಮ ಕೋಡ್ ಹೀಗಾಯ್ತು:

```python
def annu(w, drop_u):
    if w[-1] == "ು" and drop_u:
        return w[:-1] + "ನ್ನು"
    if w[-1] in "ಿೀೆೇೈ":
        return w + "ಯನ್ನು"
    if w[-1] in "ುೂೃೋೌ":
        return w + "ವನ್ನು"
```

ಅಕಾರದಲ್ಲಿ ಮುಗಿಯುವ ಪದಗಳನ್ನು ಬೇಕಂತಲೇ ಬಿಟ್ಟಿದ್ದೀವಿ. 'ಮರ'ಕ್ಕೆ ವ ಬಂದು 'ಮರವನ್ನು' ಆಗುತ್ತೆ, ಆದರೆ 'ರಾಮ' ಅನ್ನೋದು 'ರಾಮನನ್ನು' ಆಗುತ್ತೆ. ಅಲ್ಲಿ ಸ್ವರ ನೋಡಿದರೆ ಸಾಲದು, ಪದ ಮನುಷ್ಯನದ್ದಾ ವಸ್ತುವಿನದ್ದಾ ಅಂತ ಗೊತ್ತಿರಬೇಕು.

drop_u ಅನ್ನೋದನ್ನು ಪ್ರೋಗ್ರಾಂ ತಾನೇ ಕಂಡುಹಿಡಿಯೋ ಹಾಗೆ ಮಾಡೋಣ ಅಂತಲೂ ನೋಡಿದ್ವಿ. ಅಡ್ಡ ಬಂದದ್ದು ನಮ್ಮದೇ ತಂಡದ ಮಂಜು. ಬೆಳಿಗ್ಗೆ ಹಾಸ್ಟೆಲ್ ಕಿಟಕಿಯಿಂದ ನಾವು ನೋಡೋದು 'ಮಂಜನ್ನು'. ವೇದಿಕೆಗೆ ಕರೆಯೋದು 'ಮಂಜುವನ್ನು'. ಅಕ್ಷರಗಳು ಒಂದೇ, ಆದರೆ ಜನರ ಹೆಸರಿನ ಉ ಬೀಳಲ್ಲ. ಹಾಗಾಗಿ ಆ ಒಂದು ಕಾಲಂ ಅನ್ನು ಈಗಲೂ ನಾವೇ ಕೂತು ತುಂಬುತ್ತೀವಿ.

ನೀವೂ ಒಮ್ಮೆ ಜೋರಾಗಿ ಹೇಳಿ ನೋಡಿ: ಹಸು, ಹಾವು, ಧಾತು, ಮಾತು. ನಾಲ್ಕಕ್ಕೂ 'ಅನ್ನು' ಸೇರಿಸಿ. ಎರಡರಲ್ಲಿ ಉ ಉಳಿಯುತ್ತೆ, ಎರಡರಲ್ಲಿ ಬೀಳುತ್ತೆ.