‘ಬೀಪ್’ ಅಂದರೆ ಬಿಲ್ ಆಯಿತೆಂದಲ್ಲ

ತಿಪಟೂರಿನಲ್ಲಿ ದಿನಸಿ ಅಂಗಡಿ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: ‘ಹೊಸ ಬಾರ್‌ಕೋಡ್ ಸ್ಕ್ಯಾನರ್ ತಂದೆ. ಬೀಪ್ ಅನ್ನುತ್ತದೆ, ನಂಬರ್ ಪರದೆ ಮೇಲೆ ಬರುತ್ತದೆ, ಆದರೆ ಐಟಂ ಬಿಲ್‌ಗೆ ಸೇರುವುದಿಲ್ಲ. ಪ್ರತಿ ಸಲ ಎಂಟರ್ ಒತ್ತಬೇಕು. ಸ್ಕ್ಯಾನರ್ ಕೆಟ್ಟಿದೆಯೇ?’

ಕೆಟ್ಟಿಲ್ಲ. ಅದು ತನ್ನ ಕೆಲಸವನ್ನು ಪೂರ್ತಿ ಮಾಡಿದೆ. ನಮ್ಮ ಅಂಗಡಿಗಳಲ್ಲಿ ಗಟ್ಟಿಯಾಗಿ ಬೇರೂರಿರುವ ತಪ್ಪು ತಿಳಿವಳಿಕೆ ಎಂದರೆ ಸ್ಕ್ಯಾನರಿಗೆ ಸಾಮಾನು ಯಾವುದು, ಬೆಲೆ ಎಷ್ಟು ಎಂಬುದೆಲ್ಲ ಗೊತ್ತು ಎನ್ನುವುದು. ಅದಕ್ಕೆ ಗೊತ್ತಿರುವುದು ಗೆರೆಗಳಲ್ಲಿರುವ ಅಂಕಿ ಅಕ್ಷರ ಮಾತ್ರ. ಸೋಪಿನ ಪೊಟ್ಟಣದ ಮೇಲಿನ ಗೆರೆಗಳಲ್ಲಿ ಬೆಲೆ ಇರುವುದಿಲ್ಲ. ಹೆಸರು, ಬೆಲೆ, ತೆರಿಗೆ ಎಲ್ಲವೂ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಪಟ್ಟಿಯಲ್ಲಿವೆ. ಯುಎಸ್‌ಬಿಗೆ ಸಿಕ್ಕಿಸಿದ ಸ್ಕ್ಯಾನರ್ ‘ನಾನೊಂದು ಕೀಬೋರ್ಡ್’ ಎಂದೇ ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳುತ್ತದೆ. ಹಾಗಾಗಿಯೇ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಗೆರೆ ಓದಿ, ಅಂಕಿಗಳನ್ನು ಒಂದೊಂದಾಗಿ ‘ಟೈಪ್’ ಮಾಡಿ ಸುಮ್ಮನಾಗುತ್ತದೆ. ಟೈಪ್ ಮಾಡಿದವರು ಕೊನೆಗೆ ಎಂಟರ್ ಒತ್ತದಿದ್ದರೆ ಸಾಫ್ಟ್‌ವೇರ್ ಕಾಯುತ್ತ ಕೂರುತ್ತದೆ. ಈ ಓದುಗರಿಗೆ ಆಗಿರುವುದು ಅಷ್ಟೇ.

ಪರೀಕ್ಷೆ ಸುಲಭ. ನೋಟ್‌ಪ್ಯಾಡ್ ತೆರೆದು ಒಂದೇ ಪೊಟ್ಟಣವನ್ನು ಎರಡು ಸಲ ಸ್ಕ್ಯಾನ್ ಮಾಡಿ. ಹೀಗೆ ಬಂದರೆ ಎಂಟರ್ ಹೋಗುತ್ತಿಲ್ಲ:

```
89012345678908901234567890
```

ಹೀಗೆ ಬಂದರೆ ಹೋಗುತ್ತಿದೆ:

```
8901234567890
8901234567890
```

ಕೊನೆಗೆ ಸೇರುವ ಈ ಎಂಟರ್‌ಗೆ ಸ್ಕ್ಯಾನರಿನವರ ಭಾಷೆಯಲ್ಲಿ ‘ಸಫಿಕ್ಸ್’ ಎಂದು ಹೆಸರು. ಕೆಲವು ಮಾದರಿಗಳು ಕಾರ್ಖಾನೆಯಿಂದಲೇ ಅದರೊಂದಿಗೆ ಬರುತ್ತವೆ, ಕೆಲವು ಬರುವುದಿಲ್ಲ. ಸೇರಿಸುವ ವಿಧಾನ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಸ್ಕ್ಯಾನರಿಗೆ ಪರದೆಯಿಲ್ಲ, ಮೆನು ಇಲ್ಲ, ಇರುವುದೊಂದು ಟ್ರಿಗರ್. ಅದಕ್ಕೆ ಹೇಳಬೇಕಾದುದನ್ನು ಗೆರೆಗಳಲ್ಲೇ ಹೇಳಬೇಕು. ಜೊತೆಗೆ ಬಂದ ಕಿರುಪುಸ್ತಕದಲ್ಲಿ ‘ಎಂಟರ್ ಸೇರಿಸು’ ಎಂಬ ಬಾರ್‌ಕೋಡ್ ಇರುತ್ತದೆ. ಅದನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು. ಕೆಲವು ಮಾದರಿಗಳಲ್ಲಿ ಮೊದಲು ‘ಸೆಟ್ಟಿಂಗ್ ಆರಂಭ’, ಕೊನೆಗೆ ‘ಸೆಟ್ಟಿಂಗ್ ಮುಕ್ತಾಯ’ ಎಂಬ ಕೋಡುಗಳನ್ನೂ ಓದಿಸಬೇಕು.

ಹಾಗಾದರೆ ಯಾವುದು ಸಾಮಾನು, ಯಾವುದು ಆಜ್ಞೆ ಎಂದು ಅದಕ್ಕೆ ತಿಳಿಯುವುದು ಹೇಗೆ? ಇಂಥ ಆಜ್ಞೆಗಳಿಗೆ ಹೆಚ್ಚಾಗಿ ಬಳಸುವುದು ಕೋಡ್ 128 ಎಂಬ ಬಗೆಯನ್ನು. ಅದರಲ್ಲಿ ಅಂಕಿ, ಅಕ್ಷರಗಳ ಜೊತೆಗೆ ಯಾವ ಅಕ್ಷರವನ್ನೂ ಸೂಚಿಸದ ಕೆಲವು ವಿಶೇಷ ಚಿಹ್ನೆಗಳಿಗೂ ಜಾಗವಿದೆ. ಅವುಗಳಲ್ಲಿ ಎಫ್‌ಎನ್‌ಸಿ 3 ಎಂಬುದರ ಅರ್ಥ ‘ಇದು ಕಂಪ್ಯೂಟರಿಗಲ್ಲ, ಓದುವ ಯಂತ್ರಕ್ಕೇ’ ಎಂದು. ಕಣ್ಣಿಗೆ ಎಲ್ಲ ಗೆರೆಗಳೂ ಒಂದೇ ಥರ ಕಂಡರೂ, ಆ ಚಿಹ್ನೆ ಸಿಕ್ಕ ಕೂಡಲೇ ಸ್ಕ್ಯಾನರ್ ಟೈಪ್ ಮಾಡುವುದನ್ನು ಬಿಟ್ಟು ತನ್ನನ್ನೇ ತಿದ್ದಿಕೊಳ್ಳುತ್ತದೆ. ಆದ್ದರಿಂದ ಆ ಪುಸ್ತಕವನ್ನು ಎಸೆಯಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಒಂದು ಪುಟದಲ್ಲಿ ಆಜ್ಞೆಗಳು ಒತ್ತೊತ್ತಾಗಿರುವುದರಿಂದ ಪಕ್ಕದವನ್ನು ಕಾಗದದಿಂದ ಮುಚ್ಚಿ, ಬೇಕಾದ್ದನ್ನಷ್ಟೇ ಓದಿಸಿ. ಒಂದು ಕಂಪನಿಯ ಆಜ್ಞೆ ಇನ್ನೊಂದರ ಯಂತ್ರಕ್ಕೆ ನಾಟುವುದಿಲ್ಲ. ಲೇಸರ್ ಸ್ಕ್ಯಾನರ್ ಆಗಿದ್ದರೆ ಮೊಬೈಲ್ ಪರದೆಯ ಮೇಲಿನ ಚಿತ್ರವನ್ನು ಸಾಮಾನ್ಯವಾಗಿ ಓದುವುದಿಲ್ಲ, ಮುದ್ರಿಸಿಯೇ ಓದಿಸಬೇಕು.

ಸಫಿಕ್ಸ್ ಆರಿಸುವಾಗ ಒಂದು ಎಚ್ಚರ ಬೇಕು. ಪುಸ್ತಕದಲ್ಲಿ ‘ಸಿಆರ್’, ‘ಎಲ್‌ಎಫ್’, ‘ಸಿಆರ್ ಎಲ್‌ಎಫ್’, ‘ಟ್ಯಾಬ್’ ಎಂದೆಲ್ಲ ಇರುತ್ತದೆ. ಬಿಲ್ಲಿಂಗ್‌ಗೆ ಸಾಮಾನ್ಯವಾಗಿ ಬೇಕಾದುದು ಬರೀ ಸಿಆರ್, ಅಂದರೆ ಎಂಟರ್. ಎರಡೂ ಇರಲಿ ಎಂದು ಸಿಆರ್ ಎಲ್‌ಎಫ್ ಹಾಕಿದರೆ ಕೆಲವು ಸ್ಕ್ಯಾನರುಗಳು ಎರಡು ಸಲ ಎಂಟರ್ ಒತ್ತುತ್ತವೆ. ಪ್ರಮಾಣ ಕೇಳುವ ಖಾನೆ ತಾನಾಗಿ ದಾಟಿಹೋಗುತ್ತದೆ. ಇನ್ನು ಕೆಲವು ಎಲ್‌ಎಫ್ ಅನ್ನು `Ctrl+J` ಎಂದು ಕಳಿಸುತ್ತವೆ. ಕ್ರೋಮ್‌ನಲ್ಲಿ ನಡೆಯುವ ಬಿಲ್ಲಿಂಗ್ ಆಗಿದ್ದರೆ ಪ್ರತಿ ಬೀಪ್‌ಗೂ ಡೌನ್‌ಲೋಡ್ ಪುಟ ತೆರೆದುಕೊಳ್ಳುತ್ತದೆ, ಏಕೆಂದರೆ ಅಲ್ಲಿ `Ctrl+J` ಎಂದರೆ ಅದೇ. ವೈರಸ್ ಬಂತೆಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಲು ಹೊರಡುವ ಮುನ್ನ ಸಫಿಕ್ಸ್ ನೋಡಿ.

ಕೀಬೋರ್ಡಿನಂತೆ ವರ್ತಿಸುವುದರಿಂದ ಇನ್ನೊಂದು ತೊಡಕೂ ಇದೆ: ಸ್ಕ್ಯಾನರ್ ಕಳಿಸುವುದು ಅಕ್ಷರವನ್ನಲ್ಲ, ಕೀಲಿಯ ಸ್ಥಾನವನ್ನು. ಯುಎಸ್‌ಬಿ ಕೀಬೋರ್ಡ್ ನಿಯಮದಲ್ಲಿ 1ರ ಕೀಲಿಗೆ 30, 0ಗೆ 39, ಎಂಟರ್‌ಗೆ 40 ಎಂಬ ಸಂಖ್ಯೆಗಳಿವೆ. ಸ್ಕ್ಯಾನರ್ ‘ಶಿಫ್ಟ್ ಜೊತೆ 14ನೆಯ ಕೀಲಿ ಒತ್ತಿದೆ’ ಎನ್ನುತ್ತದೆ. ಅದನ್ನು K ಎಂದು ಓದುವುದು ವಿಂಡೋಸ್. ಅಂಗಡಿಯಲ್ಲೇ ಅರ್ಧ ಕಿಲೋ ಕಡಲೆಬೇಳೆ ಕಟ್ಟಿ `KD500` ಎಂದು ಕೋಡ್ 128 ಲೇಬಲ್ ಅಂಟಿಸಿದ್ದೀರಿ ಎನ್ನಿ. ಐಟಂ ಹೆಸರನ್ನು ಕನ್ನಡದಲ್ಲಿ ಬರೆಯಲು ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಆನ್ ಮಾಡಿ ಮರೆತಿದ್ದರೆ K ಜಾಗದಲ್ಲಿ ಖ, D ಜಾಗದಲ್ಲಿ ಅ ಬೀಳುತ್ತದೆ, ಐಟಂ ಸಿಗುವುದಿಲ್ಲ. ಕ್ಯಾಪ್ಸ್ ಲಾಕ್ ಆನ್ ಇದ್ದರೆ `kd500` ಆಗಬಹುದು. ಬಿಲ್ ಮಾಡುವಾಗ ಇಂಗ್ಲಿಷ್ ಕೀಬೋರ್ಡಿಗೆ ಮರಳುವುದು ಒಂದು ದಾರಿ. ಅದಕ್ಕಿಂತ ನನಗೆ ಮೆಚ್ಚು, ಸ್ವಂತ ಲೇಬಲ್‌ಗಳಲ್ಲಿ ಅಂಕಿಗಳನ್ನಷ್ಟೇ ಬಳಸುವುದು; ಆಗ ಕ್ಯಾಪ್ಸ್ ಲಾಕ್ ಏನೂ ಮಾಡಲಾರದು.

ಈಗ ಬೀಪ್‌ನ ವಿಚಾರ. ಬೀಪ್ ಎಂದರೆ ‘ಗೆರೆ ಓದಿದೆ’ ಎಂದಷ್ಟೇ. ಸಾಫ್ಟ್‌ವೇರಿಗೆ ಐಟಂ ಸಿಕ್ಕಿತೋ ಇಲ್ಲವೋ ಎಂಬ ಸುದ್ದಿ ಕೀಬೋರ್ಡಿನಂತೆ ಕೂತ ಸ್ಕ್ಯಾನರಿಗೆ ವಾಪಸ್ ಬರುವುದಿಲ್ಲ. ಪರದೆಯ ಮೇಲೆ ‘ಐಟಂ ಇಲ್ಲ’ ಎಂಬ ಸೂಚನೆ ಓಕೆ ಬಟನ್ನಿನೊಂದಿಗೆ ನಿಂತಿದೆ ಎನ್ನಿ. ಗುಮಾಸ್ತರು ನೋಡದೆ ಮುಂದಿನ ಪೊಟ್ಟಣ ಹಿಡಿಯುತ್ತಾರೆ. ಅದರ ಅಂಕಿಗಳು ಎಲ್ಲಿಗೂ ಹೋಗದೆ, ಕೊನೆಯ ಎಂಟರ್ ಮಾತ್ರ ಓಕೆ ಒತ್ತಿ ಸೂಚನೆಯನ್ನು ಮುಚ್ಚುತ್ತದೆ. ಎರಡು ಬೀಪ್ ಆಯಿತು, ಎರಡು ಸಾಮಾನು ಚೀಲಕ್ಕೆ ಹೋಯಿತು, ಬಿಲ್‌ಗೆ ಒಂದೂ ಬರಲಿಲ್ಲ. ಕರ್ಸರ್ ಪ್ರಮಾಣದ ಖಾನೆಯಲ್ಲಿದ್ದಾಗ ಸ್ಕ್ಯಾನ್ ಮಾಡಿದರೆ ಅದಕ್ಕಿಂತ ವಿಚಿತ್ರ: 8901234567890 ಸೋಪು, ಅಂದರೆ ಸುಮಾರು 8.9 ಲಕ್ಷ ಕೋಟಿ. ಹೀಗಾಗಿ ಪ್ರಮಾಣದ ಖಾನೆಗೆ ಗರಿಷ್ಠ ಮಿತಿ ಇಡುವ ಸೌಲಭ್ಯ ಸಾಫ್ಟ್‌ವೇರಿನಲ್ಲಿದ್ದರೆ ತಪ್ಪದೆ ಬಳಸಿ.

ಕೊನೆಗೆ ಕೋಡಿನ ಬಗೆಗಳು. ಪೊಟ್ಟಣಗಳ ಮೇಲಿನ 13 ಅಂಕಿಯ ಇಎಎನ್-13ರ ಕೊನೆಯ ಅಂಕಿ ಉಳಿದ ಹನ್ನೆರಡರ ಲೆಕ್ಕದಿಂದ ಬಂದದ್ದು. ತಪ್ಪಾಗಿ ಓದಿದ್ದರೆ ಆ ಲೆಕ್ಕ ತಾಳೆಯಾಗದೆ ಸ್ಕ್ಯಾನರ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. (ಶುರುವಿನ 890 ಇದ್ದರೆ ಭಾರತದಲ್ಲೇ ತಯಾರಾದದ್ದು ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ದಯವಿಟ್ಟು ಹಂಚಬೇಡಿ. ಆ ನಂಬರನ್ನು ಜಿಎಸ್‌1 ಇಂಡಿಯಾ ಕೊಟ್ಟಿದೆ ಎಂದಷ್ಟೇ ಅದರ ಅರ್ಥ.) ತೊಂದರೆ ಕೊಡುವುದು ರಟ್ಟಿನ ಪೆಟ್ಟಿಗೆಗಳ ಮೇಲಿನ ‘ಇಂಟರ್‌ಲೀವ್ಡ್ 2 ಆಫ್ 5’ ಬಗೆ. ಅದರ ಆರಂಭ, ಅಂತ್ಯದ ಗುರುತುಗಳು ತೀರ ಸರಳ. ಲೇಸರ್ ಗೆರೆ ಓರೆಯಾಗಿ ಹಾದು ಅರ್ಧದಲ್ಲೇ ಹೊರಬಿದ್ದರೂ, ಓದಿದಷ್ಟೇ ಒಂದು ಪೂರ್ಣ ನಂಬರಿನಂತೆ ಕಾಣಬಹುದು. ಪೆಟ್ಟಿಗೆಯ ಕೋಡಿನ ಸುತ್ತ ದಪ್ಪ ಕಪ್ಪು ಚೌಕಟ್ಟು ಹಾಕುವ ಒಂದು ಕಾರಣವೇ ಇದು: ಓರೆ ಹೋದ ಕಿರಣ ಆ ಪಟ್ಟಿಗೆ ಸಿಕ್ಕಿ ಓದು ವಿಫಲವಾಗಲಿ ಎಂದು. ಪೆಟ್ಟಿಗೆ ಲೆಕ್ಕದಲ್ಲಿ ಮಾರದಿದ್ದರೆ ಆ ಬಗೆಯನ್ನೇ ಆಫ್ ಮಾಡುವ ಆಜ್ಞೆ ಪುಸ್ತಕದಲ್ಲಿದೆ. ಮಾರುವುದಾದರೆ ‘14 ಅಂಕಿ ಇದ್ದರಷ್ಟೇ ಒಪ್ಪು’ ಎಂದು ಉದ್ದವನ್ನು ಕಟ್ಟಿಹಾಕಿ. ತಿಪಟೂರಿನವರಿಗೆ ಸದ್ಯಕ್ಕೆ ಇಎಎನ್-13, ಸ್ವಂತ ಲೇಬಲ್‌ಗೆ ಕೋಡ್ 128, ಆಮದಾದ ಚಾಕೊಲೇಟು ಇಟ್ಟಿದ್ದರೆ 12 ಅಂಕಿಯ ಯುಪಿಸಿ ಸಾಕು. ಯುಪಿಸಿಯನ್ನು ಕೆಲವು ಸ್ಕ್ಯಾನರುಗಳು ಹಾಗೇ ಕಳಿಸುತ್ತವೆ, ಕೆಲವು ಮುಂದೆ ಸೊನ್ನೆ ಸೇರಿಸಿ 13 ಮಾಡುತ್ತವೆ. ಸ್ಟಾಕ್ ಏರಿಸುವ ಸ್ಕ್ಯಾನರಿನಲ್ಲೂ ಬಿಲ್ ಮಾಡುವ ಸ್ಕ್ಯಾನರಿನಲ್ಲೂ ಈ ಸೆಟ್ಟಿಂಗ್ ಒಂದೇ ಆಗಿರುವಂತೆ ಮಾಡಿಕೊಳ್ಳಲಿ.