ಸೊಪ್ಪು ಬಿಡಬೇಡಿ, ರೂಢಿ ಕೆಡಿಸಬೇಡಿ

ಹೃದಯಕ್ಕೆ ಕೃತಕ ಲೋಹದ ಕವಾಟ ಹಾಕಿಸಿಕೊಂಡವರು ಜೀವನಪೂರ್ತಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕಾಗುತ್ತದೆ. ಅಂಥ ಮಾತ್ರೆ ವಾರ್ಫರಿನ್. ಅದರ ಜೊತೆಗೇ ಅವರಿಗೆ ಯಾರಾದರೊಬ್ಬರು ಹೇಳುವ ಪಥ್ಯ, 'ಸೊಪ್ಪು ಮುಟ್ಟಬೇಡಿ'. ಈ ಮಾತು ಕೇಳಿ ಸೊಪ್ಪನ್ನು ಪೂರ್ತಿ ಬಿಟ್ಟವರೇ ಎಷ್ಟೋ ಸಲ ಹೆಚ್ಚು ತೊಂದರೆಗೆ ಸಿಲುಕುತ್ತಾರೆ.

ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನುಗಳನ್ನು ಯಕೃತ್ತು ತಯಾರಿಸಲು ವಿಟಮಿನ್ 'ಕೆ' ಬೇಕು. ಒಮ್ಮೆ ಬಳಸಿದ 'ಕೆ'ಯನ್ನು ದೇಹ ಸರಿಪಡಿಸಿಕೊಂಡು ಮತ್ತೆ ಬಳಸುತ್ತದೆ. ವಾರ್ಫರಿನ್ ತಡೆಯುವುದು ಈ ಮರುಬಳಕೆಯನ್ನು. ಹಾಗಾಗಿ ಊಟದಲ್ಲಿ ಬರುವ ಹೊಸ 'ಕೆ' ಎಷ್ಟು ಎಂಬುದರ ಮೇಲೆ ಮಾತ್ರೆಯ ಪರಿಣಾಮ ಏರಿಳಿಯುತ್ತದೆ. ಅದನ್ನು ಅಳೆಯುವುದು ಐಎನ್‌ಆರ್ ರಕ್ತಪರೀಕ್ಷೆ. ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು.

ವಾರಕ್ಕೆ ಮೂರು ದಿನ ಬಸ್ಸಾರು, ಮಸ್ಸೊಪ್ಪು ಉಣ್ಣುತ್ತಿದ್ದ ಹಳ್ಳಿಯ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ಆ ಊಟಕ್ಕೆ ಹೊಂದಿಕೊಂಡಂತೆ ಮಾತ್ರೆ ನಿಗದಿಯಾಗಿ ಐಎನ್‌ಆರ್ 3ರ ಆಸುಪಾಸಿನಲ್ಲಿದೆ. ನೆರೆಯವರ ಮಾತು ಕೇಳಿ ಅವರು ಸೊಪ್ಪು ಬಿಡುತ್ತಾರೆ. ಕೆಲವೇ ವಾರಗಳಲ್ಲಿ ಐಎನ್‌ಆರ್ 5 ದಾಟುತ್ತದೆ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಡಾಕ್ಟರು ಮಾತ್ರೆ ತಗ್ಗಿಸುತ್ತಾರೆ. ಆಮೇಲೆ ಮಗಳ ಮನೆಗೆ ಹೋದಾಗ ದಿನವೂ ದಂಟಿನ ಸೊಪ್ಪಿನ ಹುಳಿ, ನುಗ್ಗೆಸೊಪ್ಪಿನ ಪಲ್ಯ. ತಗ್ಗಿಸಿದ ಮಾತ್ರೆ, ಹೆಚ್ಚಿದ ಸೊಪ್ಪು: ಐಎನ್‌ಆರ್ 1.7ಕ್ಕೆ ಕುಸಿಯುತ್ತದೆ. ಈಗ ಕವಾಟದ ಮೇಲೆ ರಕ್ತ ಗಟ್ಟಿಯಾಗುವ, ಆ ಗಡ್ಡೆ ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಭಯ. ಮಾತ್ರೆಯನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ!

'ಕೆ' ತೀರಾ ಕಡಿಮೆ ತಿನ್ನುವವರ ದೇಹದಲ್ಲಿ ದಾಸ್ತಾನು ಇರುವುದಿಲ್ಲ. ಆದ್ದರಿಂದ ಒಂದು ಊಟದ ವ್ಯತ್ಯಾಸವೂ ಐಎನ್‌ಆರ್ ಅನ್ನು ಅಲುಗಾಡಿಸಬಲ್ಲದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರಣವಿಲ್ಲದೆ ಐಎನ್‌ಆರ್ ಏರುಪೇರಾಗುತ್ತಿದ್ದವರಿಗೆ ದಿನಕ್ಕೆ 150 ಮೈಕ್ರೋಗ್ರಾಂ 'ಕೆ' ಕೊಟ್ಟಾಗ ಹಲವರಲ್ಲಿ ಅದು ಮೊದಲಿಗಿಂತ ಸ್ಥಿರವಾಯಿತು. ಇದನ್ನು ಓದಿ ಯಾರೂ ತಾವಾಗಿ ವಿಟಮಿನ್ ಮಾತ್ರೆ ಕೊಳ್ಳಬಾರದು. ಅದು ವೈದ್ಯರ ಲೆಕ್ಕ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ. ಮೊದಲಿನಿಂದ ವಾರಕ್ಕೆ ಎಷ್ಟು ಸಲ, ಎಷ್ಟು ಸೊಪ್ಪು ಉಣ್ಣುತ್ತಿದ್ದೀರೋ ಅಷ್ಟನ್ನೇ ಮುಂದುವರಿಸಿ. ಪಾಲಕ್ ಬದಲು ಹರಿವೆ ಆದರೆ ಚಿಂತೆಯಿಲ್ಲ, ಒಗ್ಗರಣೆಯ ಕರಿಬೇವೂ ಲೆಕ್ಕಕ್ಕಿಲ್ಲ. ಆದರೆ ದಿನವೂ ಸೊಪ್ಪಿನ ಜ್ಯೂಸ್ ಶುರುಮಾಡುವುದಾದರೆ, ವ್ರತ-ಉಪವಾಸ ಹಿಡಿಯುವುದಾದರೆ, ಜ್ವರ-ಭೇದಿಯಿಂದ ಊಟ ಸೇರದಿದ್ದರೆ ಡಾಕ್ಟರಿಗೆ ಹೇಳಿ, ಐಎನ್‌ಆರ್ ಬೇಗ ಮಾಡಿಸಿ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಮಾತು ತೊದಲಿದರೆ, ಕವಾಟದ ಟಿಕ್ ಟಿಕ್ ಸದ್ದು ಮಂಕಾಗಿ ಉಸಿರು ಕಟ್ಟಿದರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.